ಹಳೆಯ ಗಿರಾಕಿಯ ಹತ್ತಿರ ಹೊಸ ಪಾರ್ಟಿಯ ಪರಿಚಯ ಕೇಳುವುದು ಹೇಗೆ? ರಟ್ಟಿನ ಬಾಕ್ಸ್ ಮಾಡುವವರಿಗೆ ಒಂದು ಮಾರ್ಗದರ್ಶಿ

ಸಣ್ಣದಾಗಿ ಬಾಕ್ಸ್ ಘಟಕ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಆರು ವರ್ಷದಿಂದ ಈ ಪಾರ್ಟಿಗೆ ಮಾಲು ಕೊಡ್ತಿದ್ದೀವಿ. ನಮ್ಮ ಕೆಲಸ ಅವರಿಗೆ ಹಿಡಿಸಿದೆ. ಅವರ ಕಡೆಯಿಂದ ಇನ್ನೊಂದೆರಡು ಪಾರ್ಟಿ ಸಿಕ್ಕರೆ ಚೆನ್ನಾಗಿತ್ತು. ಆದರೆ ಬಾಯಿಬಿಟ್ಟು ಕೇಳೋದು ಹೇಗೆ? ಅವರಿಗೆ ಇರಿಸುಮುರಿಸು ಆಗಲ್ವಾ?"

ಕೇಳಬಹುದು. ಆದರೆ ಕೇಳುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ, ಮಾತು ಎರಡು ನಿಮಿಷದ್ದು. ಮಾತು ಒಪ್ಪವಾಗಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮದು ಪೀಣ್ಯದಲ್ಲಿ ಬಾಕ್ಸ್ ಘಟಕ. ಹಳೆಯ ಗಿರಾಕಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಕಳಿಸುವವರು. ತಿಂಗಳಿಗೆ ಸುಮಾರು ಎರಡು ಸಾವಿರ ಬಾಕ್ಸ್ ತೆಗೆದುಕೊಳ್ಳುತ್ತಾರೆ. ವಯಸ್ಸಿನಲ್ಲಿ ನಿಮಗಿಂತ ಸ್ವಲ್ಪ ಹಿರಿಯರು, ನೀವು ಅವರನ್ನು ಅಣ್ಣ ಅಂತಲೇ ಕರೆಯುತ್ತೀರಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಆ ಪಾರ್ಟಿಯ ಲೆಡ್ಜರ್, ಅಂದರೆ ಅವರ ಜೊತೆಗಿನ ಲೆಕ್ಕದ ಪುಟ. ಕಳೆದ ಒಂದು ವರ್ಷದ ಆರ್ಡರ್ ಮತ್ತು ವಾಪಸ್ ಬಂದ ಮಾಲಿನ ವಿವರ. ನಿಮ್ಮ ಮಶೀನಿನಲ್ಲಿ ತಿಂಗಳಿಗೆ ಇನ್ನೂ ಎಷ್ಟು ಬಾಕ್ಸ್ ಹೊರಗೆ ಬರಬಲ್ಲದು ಅನ್ನುವ ಪ್ರಾಮಾಣಿಕ ಅಂದಾಜು. ಇಷ್ಟು ಸಾಕು. ಬ್ರೋಷರ್, ವಿಸಿಟಿಂಗ್ ಕಾರ್ಡಿನ ಕಟ್ಟು ಏನೂ ಬೇಡ.

ಮೂರನೆಯದನ್ನು ಜನ ಮರೆಯುತ್ತಾರೆ. ಇನ್ನು ಐದುನೂರು ಬಾಕ್ಸ್ ಮಾಡುವ ಜಾಗವೂ ನಿಮ್ಮಲ್ಲಿ ಇಲ್ಲದಿದ್ದರೆ ಈಗ ಕೇಳಬೇಡಿ. ಹೊಸ ಪಾರ್ಟಿಗೆ ಮಾಲು ತಡವಾದರೆ ಅವರು ಮೊದಲು ದೂರುವುದು ಪರಿಚಯ ಮಾಡಿಕೊಟ್ಟವರ ಹತ್ತಿರ.

ಹಂತ 1: ಅವರಿಗೆ ನಿಜವಾಗಿ ತೃಪ್ತಿ ಇದೆಯಾ, ನೋಡಿ

"ಚೆನ್ನಾಗಿದೆ, ಏನೂ ತೊಂದರೆ ಇಲ್ಲ" ಅನ್ನುವುದು ತೃಪ್ತಿಯ ಗುರುತಲ್ಲ. ನಮ್ಮಲ್ಲಿ ಎದುರಿಗೆ ಬಂದವರಿಗೆ ಯಾರೂ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. ಆದ್ದರಿಂದ ಮಾತನ್ನು ಬಿಟ್ಟು ಲೆಡ್ಜರ್ ನೋಡಿ. ಆರ್ಡರ್ ತಿಂಗಳಿಂದ ತಿಂಗಳಿಗೆ ಹೆಚ್ಚುಕಡಿಮೆ ಒಂದೇ ಸಮ ಇದೆಯಾ? ಅಥವಾ ಅವರ ವ್ಯಾಪಾರ ಬೆಳೆಯುತ್ತಿದ್ದರೂ ನಿಮ್ಮ ಬಾಕ್ಸ್ ಎರಡು ಸಾವಿರದಿಂದ ಸಾವಿರದ ಇನ್ನೂರಕ್ಕೆ ಇಳಿದಿದೆಯಾ? ಇಳಿದಿದ್ದರೆ ಉಳಿದದ್ದು ಇನ್ನೊಬ್ಬರ ಕಡೆಯಿಂದ ಬರುತ್ತಿದೆ ಅಂತ ಅರ್ಥ. ಮೊದಲು ಅದನ್ನು ಸರಿಮಾಡಿಕೊಳ್ಳಿ.

ಮಳೆಗಾಲದ ತಿಂಗಳುಗಳನ್ನು ಬೇರೆಯಾಗಿ ನೋಡಿ. ರಟ್ಟು ತೇವ ಹೀರುತ್ತದೆ, ಹೀರಿದರೆ ಬಲ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಆರು ಅಡುಕು ಹೊತ್ತು ನಿಲ್ಲುವ ಬಾಕ್ಸ್ ಜುಲೈನಲ್ಲಿ ನಾಲ್ಕಕ್ಕೇ ಕೆಳಗಿನದು ಕುಸಿಯಬಹುದು. ಒಳಗಿರುವುದು ನಿಪ್ಪಟ್ಟು ಆದರೆ ಪುಡಿಯಾಗಿ ಹೋಗುತ್ತದೆ. ಒಂದು ಪೂರ್ತಿ ಮಳೆಗಾಲ ನಿಮ್ಮ ಬಾಕ್ಸಿನಲ್ಲಿ ಕಳೆದವರು ಮಾತ್ರ ನಿಮ್ಮ ಪರವಾಗಿ ಧೈರ್ಯವಾಗಿ ಮಾತಾಡಬಲ್ಲರು.

ಇನ್ನೊಂದು ಅತೃಪ್ತಿ ಮಾಲೀಕರ ಬಾಯಲ್ಲಿ ಬರುವುದೇ ಇಲ್ಲ, ಅವರ ಅಕೌಂಟೆಂಟ್ ಮನಸ್ಸಿನಲ್ಲಿ ಇರುತ್ತದೆ. ನೀವು ಜಿಎಸ್‌ಟಿ ರಿಟರ್ನ್ ಅನ್ನು ಮೂರು ತಿಂಗಳಿಗೊಮ್ಮೆ ಹಾಕುವವರಾದರೆ ನಿಮ್ಮ ಬಿಲ್ಲುಗಳು ಅವರ ಪೋರ್ಟಲ್‌ನಲ್ಲಿ ತಡವಾಗಿ ಕಾಣಿಸುತ್ತವೆ. ಅಲ್ಲಿಯವರೆಗೆ ನಿಮಗೆ ಕೊಟ್ಟ ತೆರಿಗೆಯನ್ನು ಅವರು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಇದಕ್ಕೆ ಪೋರ್ಟಲ್‌ನಲ್ಲೇ IFF ಅನ್ನುವ ಸೌಲಭ್ಯ ಇದೆ. ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಆಯಾ ಮುಂದಿನ ತಿಂಗಳ 13ರೊಳಗೆ ಅಲ್ಲಿ ಹಾಕಬಹುದು. ಇದನ್ನು ಮಾಡುತ್ತಿದ್ದೀರಾ ಅಂತ ನಿಮ್ಮ ಆಡಿಟರ್‌ಗೆ ಒಂದು ಫೋನ್ ಮಾಡಿ ಕೇಳಿ.

ಕೇಳುವುದು ಮಾಲೀಕರನ್ನೋ, ಪರ್ಚೇಸ್ ಮ್ಯಾನೇಜರನ್ನೋ? ಇಬ್ಬರೂ ಇದ್ದರೆ ಮಾಲೀಕರನ್ನೇ ಕೇಳಿ. ಸಂಬಳಕ್ಕೆ ಕೆಲಸ ಮಾಡುವವರು ಸಪ್ಲೈಯರ್ ಒಬ್ಬರನ್ನು ಹೊರಗೆ ಶಿಫಾರಸು ಮಾಡಿದರೆ "ಇವರಿಗೂ ಅವರಿಗೂ ಏನೋ ಇದೆ" ಅನ್ನುವ ಅನುಮಾನ ಬರುತ್ತದೆ. ಅವರನ್ನು ಆ ಇಕ್ಕಟ್ಟಿಗೆ ಸಿಕ್ಕಿಸುವುದು ಸರಿಯಲ್ಲ.

ಹಂತ 2: ಯಾರ ಪರಿಚಯ ಬೇಕು ಅಂತ ನೀವೇ ಯೋಚಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. "ನಿಮಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ ಅಣ್ಣ" ಅಂತ ಕೇಳುತ್ತಾರೆ. "ಆಯ್ತು, ಹೇಳ್ತೀನಿ" ಅನ್ನುವ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಅವರಿಗೆ ಮನಸ್ಸಿಲ್ಲ ಅಂತಲ್ಲ. ಪ್ರಶ್ನೆ ಅಷ್ಟು ದೊಡ್ಡದಾಗಿದ್ದರೆ ಯಾರ ಮುಖವೂ ಕಣ್ಮುಂದೆ ಬರುವುದಿಲ್ಲ.

ಅದೇ ಕಸುಬಿನವರನ್ನು ಕೇಳುವುದು ಎರಡನೆಯ ತಪ್ಪು. ನಿಮ್ಮ ಗಿರಾಕಿ ಚಕ್ಕುಲಿ ಮಾಡುವವರು. ಇನ್ನೊಬ್ಬ ಚಕ್ಕುಲಿಯವರನ್ನು ಪರಿಚಯಿಸಿ ಅಂದರೆ ತಮ್ಮ ಪೈಪೋಟಿಗೆ ಒಳ್ಳೆಯ ಬಾಕ್ಸ್ ತಾವೇ ಕೊಡಿಸಿದ ಹಾಗೆ. ದಾಕ್ಷಿಣ್ಯಕ್ಕೆ ಹೂಂ ಅಂದರೂ ಒಳಗೊಳಗೇ ಯೋಚನೆ ಶುರುವಾಗುತ್ತದೆ: ನನ್ನ ರೇಟು, ನನ್ನ ಮಾಲಿನ ಲೆಕ್ಕ ಎಲ್ಲ ಇವನು ಅಲ್ಲಿ ಹೇಳಿಬಿಟ್ಟರೆ?

ಹಾಗಾದರೆ ಯಾರು? ಅವರ ಮಾಲಿನ ಜೊತೆ ಒಂದೇ ಅಂಗಡಿಗೆ ಹೋಗುವ, ಆದರೆ ಬೇರೆ ಪದಾರ್ಥ ಮಾಡುವವರು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಸಾಂಬಾರ್ ಪುಡಿ, ಬೆಲ್ಲದ ಪುಡಿ. ಇವರೆಲ್ಲ ಒಂದೇ ಡಿಸ್ಟ್ರಿಬ್ಯೂಟರ್ ಗೋಡೌನಿನಲ್ಲಿ ಭೇಟಿಯಾಗುತ್ತಿರುತ್ತಾರೆ. ಒಂದೇ ಟೆಂಪೋದಲ್ಲಿ ಮಾಲು ಹಾಕುತ್ತಾರೆ. ಮುಂದಿನ ಸಲ ಮಾಲು ಇಳಿಸಲು ಹೋದಾಗ ಅವರ ಗೋಡೌನಿನಲ್ಲಿ ಸುಮ್ನೆ ಸುತ್ತ ಕಣ್ಣಾಡಿಸಿ. ಬೇರೆಯವರ ಬಾಕ್ಸ್ ಅಲ್ಲಿ ಕೂತಿರುತ್ತದೆ. ಮೂಲೆ ಜಜ್ಜಿರುವುದು, ಪಿನ್ ಬಿಟ್ಟಿರುವುದು, ತಳ ಉಬ್ಬಿರುವುದು ಕಂಡರೆ ಅದರ ಮೇಲಿನ ಹೆಸರು ಬರೆದುಕೊಳ್ಳಿ. ನಿಮ್ಮಿಂದ ಉಪಯೋಗ ಆಗುವುದು ಇಂಥವರಿಗೇ.

ಹೀಗೆ ಒಂದು ಹೆಸರು, ಹೆಚ್ಚೆಂದರೆ ಎರಡು ಇಟ್ಟುಕೊಳ್ಳಿ. ಐದು ಹೆಸರಿನ ಪಟ್ಟಿ ತೆಗೆದರೆ ಅವರಿಗೆ ನೀವು ಕೆಲಸ ಹಚ್ಚಿದ ಹಾಗೆ ಆಗುತ್ತದೆ.

ಹಂತ 3: ಹೊತ್ತು ನೋಡಿ

ಬಾಕಿ ಹಣ ಕೇಳಲು ಹೋದ ದಿನ ಬೇಡ. ಕ್ರಾಫ್ಟ್ ಕಾಗದದ ಬೆಲೆ ಏರಿತು ಅಂತ ರೇಟು ಹೆಚ್ಚಿಸಿದ ತಿಂಗಳು ಬೇಡ. ದೀಪಾವಳಿಗೆ ಮುಂಚಿನ ಮೂರು ನಾಲ್ಕು ವಾರ ಅಂತೂ ಬೇಡವೇ ಬೇಡ. ಆಗ ಅವರಿಗೆ ನಿಮ್ಮ ಬಾಕ್ಸ್ ತುರ್ತಾಗಿ ಬೇಕಿರುತ್ತದೆ. ಆ ಹೊತ್ತಿನಲ್ಲಿ ಕೇಳಿದರೆ, ಮಾಡದಿದ್ದರೆ ಮಾಲು ನಿಲ್ಲಿಸುತ್ತಾನೇನೋ ಅನ್ನುವ ಭಾವನೆ ಬಂದರೂ ಬಂತು. ಆಯುಧಪೂಜೆಗೆ ಕರೆದಾಗ, ಸ್ವೀಟ್ ಬಾಕ್ಸ್ ಹಿಡಿದು ಹೋದಾಗಲೂ ಕೇಳಬೇಡಿ. ಸ್ವೀಟ್ ತಂದದ್ದು ಇದಕ್ಕಾ ಅನ್ನಿಸುತ್ತದೆ.

ಒಳ್ಳೆಯ ಹೊತ್ತು ಅಂದರೆ ಹಬ್ಬದ ಗಡಿಬಿಡಿ ಮುಗಿದು ಒಂದೆರಡು ವಾರದ ನಂತರ. ಮಾಲು ಸರಿಯಾಗಿ ತಲುಪಿದೆ, ಅವರ ವ್ಯಾಪಾರವೂ ಆಗಿದೆ, ಕೈ ಸ್ವಲ್ಪ ಬಿಡುವಾಗಿದೆ. ಅದಕ್ಕಿಂತಲೂ ಒಳ್ಳೆಯದು, ಅವರಾಗಿಯೇ ಏನಾದರೂ ಒಳ್ಳೆ ಮಾತು ಆಡಿದ ಗಳಿಗೆ. "ಈ ಸಲ ಹುಬ್ಬಳ್ಳಿಗೆ ಹೋದ ಲೋಡ್‌ನಲ್ಲಿ ಒಂದು ಬಾಕ್ಸೂ ಡ್ಯಾಮೇಜ್ ಇಲ್ಲ ಕಣಪ್ಪ" ಅಂದರು ಅಂತಿಟ್ಟುಕೊಳ್ಳಿ. ಆಗ ಕೇಳಿ.

ಫೋನಿನಲ್ಲಿ ಬೇಡ, ಎದುರಿಗೇ ಕೇಳಿ. ಮುಖ ನೋಡಿದರೆ ಮನಸ್ಸಿದೆಯೋ ಇಲ್ಲವೋ ಗೊತ್ತಾಗುತ್ತದೆ, ಅಲ್ಲಿಗೇ ನಿಲ್ಲಿಸಬಹುದು. ಆದರೆ ಅವರ ಕೆಲಸಗಾರರ ಮುಂದೆ, ಬೇರೆ ಸಪ್ಲೈಯರ್ ಮುಂದೆ ಕೇಳಬೇಡಿ. ನಾಲ್ಕು ಜನರ ಎದುರು ಇಲ್ಲ ಅನ್ನುವುದು ಯಾರಿಗೂ ಕಷ್ಟ.

ಹಂತ 4: ಆ ಎರಡು ನಿಮಿಷದ ಮಾತು

ಮಾತಿನಲ್ಲಿ ಮೂರು ಇರಲಿ. ನಿಜವಾಗಿ ನಡೆದ ಒಂದು ಸಂಗತಿ, ಒಂದು ಹೆಸರು, ಮತ್ತು ಇಲ್ಲ ಅನ್ನಲು ಸಲೀಸಾದ ದಾರಿ. ಹೆಚ್ಚುಕಡಿಮೆ ಹೀಗೆ:

"ಅಣ್ಣ, ಹುಬ್ಬಳ್ಳಿ ಲೋಡ್ ಸರಿಯಾಗಿ ಹೋಯ್ತು ಅಂದ್ರಲ್ಲ, ಕೇಳಿ ಖುಷಿ ಆಯ್ತು. ಒಂದು ಮಾತು ಕೇಳ್ಲಾ?"

"ಹೇಳಪ್ಪ."

"ಆ ಮೂಲೇಲಿ ಹಪ್ಪಳದವರ ಬಾಕ್ಸ್ ನೋಡಿದೆ, ತಳ ಉಬ್ಬಿದೆ. ಅವರಿಗೆ ನಮ್ಮ ಬಾಕ್ಸ್ ಸರಿಹೋಗುತ್ತೆ ಅನ್ಸುತ್ತೆ. ನಿಮಗೆ ಅವರು ಚೆನ್ನಾಗಿ ಪರಿಚಯ ಇದ್ದು, ನಿಮಗೆ ಸರಿ ಅನ್ನಿಸಿದರೆ ಮಾತ್ರ ಅವರನ್ನ ಒಂದು ಮಾತು ಕೇಳ್ತೀರಾ, ನಾನು ಮಾತಾಡಬಹುದಾ ಅಂತ? ಬೇಡ ಅನ್ನಿಸಿದರೆ ಬಿಡಿ ಅಣ್ಣ, ನಮ್ಮ ವ್ಯವಹಾರ ಹೆಂಗಿದೆಯೋ ಹಂಗೇ."

ಇಷ್ಟು ಹೇಳಿ ಸುಮ್ಮನಾಗಿ. ಅವರು ಏನೇ ಹೇಳಲಿ, ಅದರ ಮೇಲೆ ಇನ್ನೊಂದು ಮಾತು ಸೇರಿಸಬೇಡಿ. "ಇಲ್ಲ ಅಣ್ಣ, ನೀವು ಒಂದು ಮಾತು ಹೇಳಿದರೆ ಆಗೇ ಆಗುತ್ತೆ" ಅಂದ ಕೂಡಲೇ ಕೇಳಿಕೆ ಒತ್ತಾಯವಾಗುತ್ತದೆ. ಮುಂದಿನ ಲೋಡ್ ಯಾವಾಗ ಬೇಕು ಅಂತ ಮಾತು ತಿರುಗಿಸಿ.

ಗಮನಿಸಿ, ಇಲ್ಲಿ ಫೋನ್ ನಂಬರ್ ಕೇಳಿಲ್ಲ. "ನಂಬರ್ ಕೊಡಿ, ನಾನೇ ಮಾತಾಡ್ಕೋತೀನಿ" ಅನ್ನುವುದು ಸುಲಭ ಅನ್ನಿಸುತ್ತದೆ. ಆದರೆ ಹಪ್ಪಳದವರಿಗೆ ಅದು ಯಾವನೋ ಬಾಕ್ಸಿನವನ ಕಾಲ್, ಅಷ್ಟೇ. "ನನ್ನ ನಂಬರ್ ಯಾಕೆ ಕೊಟ್ರಿ" ಅಂತ ಅವರು ಬೇಸರ ಮಾಡಿಕೊಂಡರೆ ಮಾತು ಕೇಳಬೇಕಾದವರು ನಿಮ್ಮ ಅಣ್ಣ. ಅವರೇ ಮೊದಲು ಕೇಳಿ, ಆ ಕಡೆಯಿಂದ ಹೂಂ ಅಂದ ಮೇಲೆ ನಂಬರ್ ತಾನಾಗಿಯೇ ಬರುತ್ತದೆ.

ಹಂತ 5: ಕಳಿಸಿಕೊಡಲು ಒಂದು ಸಣ್ಣ ಮೆಸೇಜ್ ಕೊಡಿ

ಅವರು ಹೂಂ ಅಂದರೆ ಅದೇ ದಿನ ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿ. ಅವರು ಅದನ್ನು ಹಾಗೇ ಫಾರ್ವರ್ಡ್ ಮಾಡುವಂತಿರಬೇಕು:

"ನಮಸ್ಕಾರ. ಪೀಣ್ಯದಲ್ಲಿ ರಟ್ಟಿನ ಬಾಕ್ಸ್ ಮಾಡ್ತೀವಿ, 3 ಪದರ ಮತ್ತು 5 ಪದರ. ತಿಂಡಿ ಪದಾರ್ಥದವರಿಗೆ ಆರು ವರ್ಷದಿಂದ ಕೊಡ್ತಿದ್ದೀವಿ. ಕನಿಷ್ಠ ಆರ್ಡರ್ 500. ನಿಮ್ಮ ಈಗಿನ ಬಾಕ್ಸ್ ಒಂದು ಕೊಟ್ಟರೆ ಅದೇ ಅಳತೆಯಲ್ಲಿ ಸ್ಯಾಂಪಲ್ ಮಾಡಿ ತೋರಿಸ್ತೀವಿ. ಸ್ಯಾಂಪಲ್‌ಗೆ ಹಣ ಇಲ್ಲ."

ಕೆಳಗೆ ನಿಮ್ಮ ಹೆಸರು, ನಂಬರ್. ಮುಗಿಯಿತು. ಹನ್ನೆರಡು ಪುಟದ ಪಿಡಿಎಫ್ ಕಳಿಸಿದರೆ ಅದು ಯಾರ ಫೋನಿನಲ್ಲೂ ತೆರೆಯುವುದಿಲ್ಲ.

ರೇಟು ಮಾತ್ರ ಬರೆಯಬೇಡಿ. ಹಳೆಯ ಗಿರಾಕಿಯ ಜೊತೆ ಸಂಬಂಧ ಕೆಟ್ಟರೆ ಹೆಚ್ಚಾಗಿ ಈ ರೇಟಿನ ವಿಷಯಕ್ಕೇ ಕೆಡುತ್ತದೆ. ಹೇಗೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಬಾಕ್ಸಿನ ಬೆಲೆಯ ಬಹುಪಾಲು ಅದರಲ್ಲಿರುವ ಕಾಗದದ ತೂಕದ ಮೇಲೆ ನಿಲ್ಲುತ್ತದೆ. ಉದ್ದ 400, ಅಗಲ 300, ಎತ್ತರ 300 ಮಿಲಿಮೀಟರ್‌ನ ಮಾಮೂಲಿ ಬಾಕ್ಸ್ ತೆಗೆದುಕೊಳ್ಳಿ. ಬಿಚ್ಚಿ ಹರಡಿದರೆ ಜೋಡಣೆಯ ಪಟ್ಟಿಯೂ ಸೇರಿ ಹಾಳೆ ಸುಮಾರು 1440 ಮಿ.ಮೀ. ಉದ್ದ, 600 ಮಿ.ಮೀ. ಅಗಲ. ಅಂದರೆ 0.864 ಚದರ ಮೀಟರ್. ಕಾಗದ 150 ಜಿಎಸ್‌ಎಂ ಇರಲಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ನಡುವಿನ ಅಲೆಅಲೆಯಾದ ಪದರಕ್ಕೆ ಸುಮಾರು 1.4 ಪಟ್ಟು ಕಾಗದ ಹಿಡಿಯುತ್ತದೆ. ಹೀಗೆ ಲೆಕ್ಕ ಹಾಕಿದರೆ 3 ಪದರದ ಬಾಕ್ಸ್ ಅಂಟು ಬಿಟ್ಟು ಸುಮಾರು 440 ಗ್ರಾಂ. ಅದೇ ಅಳತೆಯ 5 ಪದರದ ಬಾಕ್ಸ್ ಸುಮಾರು 750 ಗ್ರಾಂ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಳತೆ. ಹಪ್ಪಳ ಹಗುರ, 3 ಪದರ ಸಾಕಾಗಬಹುದು. ಚಕ್ಕುಲಿ ದೂರದ ಊರಿಗೆ ಹೋಗಬೇಕು, ಅಡುಕಿನ ಭಾರ ತಡೆಯಬೇಕು, 5 ಪದರ ಬೇಕು. ನೀವು ಹಪ್ಪಳದವರಿಗೆ ಬರೆದ ರೇಟು ಮೆಸೇಜಿನಲ್ಲೇ ನಿಮ್ಮ ಅಣ್ಣನ ಕಣ್ಣಿಗೆ ಬಿತ್ತು ಅನ್ನಿ. "ಆರು ವರ್ಷದಿಂದ ನನಗೆ ಜಾಸ್ತಿ, ನಿನ್ನೆ ಬಂದವರಿಗೆ ಕಮ್ಮಿನಾ?" ಅಂತ ಅವರಿಗೆ ಅನ್ನಿಸುವುದು ಸಹಜ. ಅಲ್ಲಿ ನಿಂತು ಪದರ, ಜಿಎಸ್‌ಎಂ ಅಂತ ವಿವರಿಸಿದರೂ ಆ ಕಸಿವಿಸಿ ಪೂರ್ತಿ ಹೋಗುವುದಿಲ್ಲ. ಅಳತೆ, ಪದರ, ಛಾಪು ಎಲ್ಲ ಗೊತ್ತಾದ ಮೇಲೆ ಹೊಸ ಪಾರ್ಟಿಗೆ ನೇರವಾಗಿ ರೇಟು ಕೊಡಿ. ಮತ್ತೆ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಅದೇ ಅಳತೆ, ಅದೇ ಕಾಗದ, ಅಷ್ಟೇ ಪ್ರಮಾಣ ಇದ್ದರೆ ಹೊಸಬರಿಗೆ ಹಳಬರಿಗಿಂತ ಕಮ್ಮಿ ಕೊಡಲೇಬಾರದು. ಇಬ್ಬರೂ ಒಂದೇ ಗೋಡೌನಿನಲ್ಲಿ ಓಡಾಡುವವರು. ಇವತ್ತಲ್ಲ ನಾಳೆ ಮಾತಿಗೆ ಬಂದೇ ಬರುತ್ತದೆ.

ಹಂತ 6: ಪರಿಚಯ ಆದ ಮೇಲೆ

ನಂಬರ್ ಬಂದ ದಿನವೇ, ತಪ್ಪಿದರೆ ಮರುದಿನ ಬೆಳಿಗ್ಗೆ ಫೋನ್ ಮಾಡಿ. ಯಾರು ಹೇಳಿದ್ದು ಅನ್ನುವುದನ್ನು ಒಂದೇ ಸಲ ಹೇಳಿ. ಆಮೇಲೆ ಅವರ ಹೆಸರು ಹಿಡಿದು ವ್ಯಾಪಾರ ಮಾಡಬೇಡಿ. "ಅವರೇ ಹೇಳಿದಾರೆ, ತಗೊಳ್ಳಿ" ಅಂದರೆ ಹೊಸಬರು ದಾಕ್ಷಿಣ್ಯಕ್ಕೆ ಒಂದು ಲೋಡ್ ತೆಗೆದುಕೊಂಡು ನಿಲ್ಲಿಸಿಬಿಡುತ್ತಾರೆ.

ಹೊಸಬರು ಖಂಡಿತ ಕೇಳುವ ಪ್ರಶ್ನೆ ಒಂದಿದೆ: "ಅವರಿಗೆ ಎಷ್ಟಕ್ಕೆ ಕೊಡ್ತೀರಿ? ತಿಂಗಳಿಗೆ ಎಷ್ಟು ತಗೋತಾರೆ?" ಇದಕ್ಕೆ ನಗುತ್ತಲೇ, ಆದರೆ ನೇರವಾಗಿ ಹೇಳಿ: "ಅವರ ವಿಷಯ ನಿಮಗೆ ಹೇಳಲ್ಲ ಸರ್. ನಾಳೆ ನಿಮ್ಮ ವಿಷಯ ಯಾರಾದ್ರೂ ಕೇಳಿದ್ರೂ ಹೇಳಲ್ಲ." ಹಳೆಯವರ ಹೆಸರು ಛಾಪಿಸಿದ ಬಾಕ್ಸನ್ನು ಸ್ಯಾಂಪಲ್ ಅಂತ ಹಿಡಿದುಕೊಂಡು ಹೋಗುವುದೂ ಸಲ್ಲದು. ಏನೂ ಛಾಪಿಸದ ಬಾಕ್ಸ್ ಒಯ್ಯಿರಿ.

ಹಣದ ವಿಷಯದಲ್ಲಿ ಹೊಸಬರು ಹೊಸಬರೇ. ಸ್ನೇಹಿತರ ಮೂಲಕ ಬಂದರು ಅಂತ ಮೊದಲ ಲೋಡಿಗೇ 30 ದಿನದ ಸಾಲ ಕೊಡಬೇಡಿ. ಅರ್ಧ ಅಡ್ವಾನ್ಸ್, ಉಳಿದದ್ದು ಮಾಲು ಇಳಿಸಿದ ಮೇಲೆ ಅಂತ ಮೊದಲೇ ಮಾತಾಡಿಕೊಳ್ಳಿ. ಮೊದಲ ಆರ್ಡರ್ 500ಕ್ಕೆ ನಿಲ್ಲಲಿ. ಮುಂದೆ ಬಾಕಿ ಉಳಿದರೆ ಅದನ್ನು ವಸೂಲಿ ಮಾಡಿಸಿಕೊಡಿ ಅಂತ ಪರಿಚಯ ಮಾಡಿಕೊಟ್ಟವರ ಬಾಗಿಲಿಗೆ ಯಾವತ್ತೂ ಹೋಗಬಾರದು. ಅವರು ಪರಿಚಯಕ್ಕೆ ಒಪ್ಪಿದ್ದರು, ಜಾಮೀನಿಗಲ್ಲ.

ಹಂತ 7: ಏನಾಯಿತು ಅಂತ ತಿಳಿಸಿ

ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ, ಅದು ನನಗೆ ಬೇಸರದ ಸಂಗತಿ. ಪರಿಚಯ ಮಾಡಿಕೊಟ್ಟವರಿಗೆ ಒಳಗೊಂದು ಅಳುಕು ಇರುತ್ತದೆ, ಏನಾಯ್ತೋ ಅಂತ. ಎರಡು ಸಲ ತಿಳಿಸಿ. ಹಪ್ಪಳದವರನ್ನು ಭೇಟಿಯಾದ ದಿನ ಒಮ್ಮೆ: "ಅಣ್ಣ, ಇವತ್ತು ಮಾತಾಡಿದೆ, ಸ್ಯಾಂಪಲ್ ಕೇಳಿದಾರೆ." ಮೊದಲ ಮಾಲು ತಲುಪಿದಾಗ ಇನ್ನೊಮ್ಮೆ. ವ್ಯಾಪಾರ ಕುದುರದಿದ್ದರೂ ಹೇಳಿ: "ಅವರಿಗೆ ಈಗಿನವರೇ ಸರಿಹೋಗ್ತಿದಾರಂತೆ. ನೀವು ಮಾತಾಡಿದ್ದೇ ದೊಡ್ಡದು." ಹೊಸಬರ ಆರ್ಡರ್ ಎಷ್ಟು, ರೇಟು ಎಷ್ಟು ಅನ್ನುವುದನ್ನು ಇಲ್ಲಿಯೂ ಹೇಳಬೇಡಿ.

ಕಮಿಷನ್ ಕೊಡಬೇಕಾ ಅಂತ ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಒಂದು ಬಾಕ್ಸಿಗೆ ಇಷ್ಟು ಪೈಸೆ ಅಂತ ಶುರುವಾದರೆ ಸ್ನೇಹದಿಂದ ಆಡಿದ ಮಾತಿಗೆ ಬೆಲೆ ಕಟ್ಟಿದ ಹಾಗೆ. ಹಪ್ಪಳದವರಿಗೆ ಗೊತ್ತಾದರೆ ಇಬ್ಬರ ಮೇಲೂ ನಂಬಿಕೆ ಹೋಗುತ್ತದೆ. ಸಂಬಳದ ಮ್ಯಾನೇಜರ್‌ಗೆ ದುಡ್ಡು ಕೊಟ್ಟರೆ ಅದು ಲಂಚವೇ, ಬೇರೆ ಹೆಸರಿಲ್ಲ. ಉಪಕಾರ ತೀರಿಸುವ ಮನಸ್ಸಿದ್ದರೆ ಅವರಿಗೂ ಒಂದು ವ್ಯಾಪಾರ ಹುಡುಕಿಕೊಡಿ. ದೀಪಾವಳಿಗೆ ಕೆಲಸಗಾರರಿಗೆ ತಿಂಡಿ ಹಂಚುವ ಕಾರ್ಖಾನೆಗಳು ನಿಮ್ಮ ಗಿರಾಕಿಗಳಲ್ಲೇ ಇರುತ್ತವೆ ಅಲ್ವಾ? ಅವರಲ್ಲೊಬ್ಬರಿಗೆ ನಿಮ್ಮ ಅಣ್ಣನ ಚಕ್ಕುಲಿಯ ವಿಷಯ ಹೇಳಿ. ಅವರನ್ನೂ ಮೊದಲು ಕೇಳಿಯೇ.

"ನೋಡೋಣ" ಅಂದರೆ?

ನೀವು ಕೇಳಿದಾಗ ಅವರು "ನೋಡೋಣಪ್ಪ" ಅಂದರೆ ಅದು ಹೂಂ ಅಲ್ಲ, ಪೂರ್ತಿ ಇಲ್ಲವೂ ಅಲ್ಲ. ಒಂದು ತಿಂಗಳು ಆ ಮಾತೇ ಎತ್ತಬೇಡಿ. ಆಮೇಲೆ ಮಾಲು ಕೊಡಲು ಹೋದಾಗ ಒಂದೇ ಒಂದು ಸಲ, "ಹಪ್ಪಳದವರು ಸಿಕ್ಕಿದ್ರಾ ಅಣ್ಣ?" ಅಂತ ಕೇಳಬಹುದು. ಮತ್ತೆ "ನೋಡೋಣ" ಬಂದರೆ ಅದು ಇಲ್ಲ ಅಂತಲೇ. ಕಾರಣ ಕೇಳಬೇಡಿ. ಅವರಿಬ್ಬರ ನಡುವೆ ಬಾಕಿ ವಿಷಯಕ್ಕೆ ಏನೋ ಮನಸ್ತಾಪ ಇರಬಹುದು, ನಿಮಗೆ ಹೇಳಲು ಇಷ್ಟವಿಲ್ಲದಿರಬಹುದು. ಮುಂದಿನ ಎರಡು ಲೋಡ್ ಒಂದು ದಿನವೂ ತಡವಾಗದ ಹಾಗೆ ನೋಡಿಕೊಳ್ಳಿ. ಇಲ್ಲ ಅಂದದ್ದಕ್ಕೆ ಏನೂ ಬದಲಾಗಿಲ್ಲ ಅಂತ ಅವರಿಗೆ ಅದರಿಂದಲೇ ಗೊತ್ತಾಗುತ್ತದೆ.

ಹೂಂ ಅಂದು, ಪರಿಚಯವೂ ಆಗಿ, ವ್ಯಾಪಾರ ನಡೆಯುತ್ತಿದ್ದರೆ ಎರಡನೆಯ ಹೆಸರನ್ನು ಬೇಗ ಎತ್ತಬೇಡಿ. ಹಪ್ಪಳದವರು ತಾವಾಗಿಯೇ ಮೂರನೆಯ ಆರ್ಡರ್ ಕೊಡುವವರೆಗೆ ಕಾಯಿರಿ. ಅಷ್ಟು ಹೊತ್ತಿಗೆ ಅವರ ಮಾತು ಗೋಡೌನಿನಲ್ಲಿ ನಿಮ್ಮ ಅಣ್ಣನ ಕಿವಿಗೂ ಬಿದ್ದಿರುತ್ತದೆ. ಉಪ್ಪಿನಕಾಯಿಯವರ ಬಗ್ಗೆ ಕೇಳುವುದಿದ್ದರೆ ಆಮೇಲೆ ಕೇಳಿ.